240 ಪಿಕ್ಸೆಲ್‌ಗೆ 40 ಅಡಿ ಹೋರ್ಡಿಂಗ್

ದಾವಣಗೆರೆಯ ಸೀರೆ ಅಂಗಡಿಯೊಂದರ ಮಾಲೀಕರು ಹುಬ್ಬಳ್ಳಿಯ ಛಾಯಾಗ್ರಾಹಕರೊಬ್ಬರಿಗೆ ಕಳಿಸಿದ ಬೇಡಿಕೆ ಚಿಕ್ಕದು. ಹೊಸ ಶಾಖೆಯ ಪೂಜೆಯ ದಿನ ತೆಗೆದ ಗುಂಪು ಫೋಟೋದಲ್ಲಿ ಮಗಳು ತುಂಬ ಚೆನ್ನಾಗಿ ಬಂದಿದ್ದಾಳೆ. ಉಟ್ಟಿರುವುದು ಇಳಕಲ್ ಸೀರೆ, ಮುಖದಲ್ಲಿ ಸಹಜವಾದ ನಗು. ಅವಳಷ್ಟನ್ನೇ ಮೊಬೈಲಿನಲ್ಲಿ ಕ್ರಾಪ್ ಮಾಡಿ ಕಳಿಸಿದ್ದಾರೆ. ಪಿ.ಬಿ. ರಸ್ತೆಯ ಸಿಗ್ನಲ್ ಹತ್ತಿರ 40 ಅಡಿ ಅಗಲ, 20 ಅಡಿ ಎತ್ತರದ ಹೋರ್ಡಿಂಗ್ ಹಿಡಿದಾಗಿದೆ. ಫ್ಲೆಕ್ಸ್ ಅಂಗಡಿಯವರು ಮಾತ್ರ ‘ಫೋಟೋ ಒಡೆಯುತ್ತೆ’ ಎನ್ನುತ್ತಿದ್ದಾರೆ. ‘ನೀವೇ ಸ್ವಲ್ಪ ದೊಡ್ಡ ಸೈಜ್ ಮಾಡಿ ಕಳಿಸಿಬಿಡಿ, ನಾಳೆ ಪ್ರಿಂಟಿಗೆ ಕೊಡಬೇಕು’ ಎಂಬುದು ಅವರ ಕೋರಿಕೆ.

ಇಂಥ ಕೋರಿಕೆ ಬಾರದ ಸ್ಟುಡಿಯೊ ಇರಲಾರದು. ಹೆಚ್ಚಿನವರು ಫೋನಿನಲ್ಲೇ ‘ಆಗಲ್ಲ ಸರ್’ ಎಂದು ಮುಗಿಸುತ್ತಾರೆ. ಕೇಳಿದವರಿಗೆ ಯಾಕೆ ಆಗಲ್ಲ ಎಂಬುದು ತಿಳಿಯುವುದೇ ಇಲ್ಲ, ಹಾಗಾಗಿ ಮುಂದಿನ ಸಲವೂ ಅದನ್ನೇ ಕೇಳುತ್ತಾರೆ. ಈ ಛಾಯಾಗ್ರಾಹಕರು ಕುಳಿತು ಒಂದು ಉದ್ದನೆಯ ಇ-ಮೇಲ್ ಬರೆದರು. ಅದರ ಮೊದಲ ಸಾಲುಗಳು ಹೀಗಿದ್ದವು: ‘ನಮಸ್ಕಾರ ಸರ್. ನೀವು ಕಳಿಸಿದ ಫೋಟೋ ಅಗಲದಲ್ಲಿ 240, ಎತ್ತರದಲ್ಲಿ 120 ಪಿಕ್ಸೆಲ್ ಇದೆ. ನಾನು ತೆಗೆದ ಮೂಲ ಫೋಟೋ 6000ಕ್ಕೆ 4000 ಪಿಕ್ಸೆಲ್. ನಡುವೆ ಏನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.’

ನಡುವೆ ಆದದ್ದು ಎರಡು ಸಂಗತಿ. ಗುಂಪು ಫೋಟೋ ಮಾಲೀಕರ ಕೈ ಸೇರಿದ್ದು ವಾಟ್ಸ್ಆ್ಯಪ್ ಮೂಲಕ. ಫೋಟೋವನ್ನು ಫೋಟೋ ಆಗಿಯೇ, ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಅದು ದಾರಿಯಲ್ಲೇ ಕುಗ್ಗುತ್ತದೆ. 6000 ಪಿಕ್ಸೆಲ್ ಅಗಲದ ಚಿತ್ರ ಈ ಪ್ರಸಂಗದಲ್ಲಿ 1600 ಪಿಕ್ಸೆಲ್ ಆಗಿ ತಲುಪಿತ್ತು. ಮೊಬೈಲ್ ಪರದೆಯಲ್ಲಿ ನೋಡಲು ಅಷ್ಟು ಧಾರಾಳವಾಗಿ ಸಾಕು, ಹಾಗಾಗಿ ಏನೋ ಕಳೆದುಹೋಗಿದೆ ಎಂಬ ಅನುಮಾನವೂ ಬರುವುದಿಲ್ಲ. ಆ 1600ರಲ್ಲಿ ಮಗಳು ನಿಂತಿದ್ದದ್ದು ಬಲತುದಿಯಲ್ಲಿ, ಹಿಂದಿನ ಸಾಲಿನಲ್ಲಿ. ಅವಳ ಮುಖ ಮತ್ತು ಹೆಗಲಿನ ಭಾಗವನ್ನಷ್ಟೇ ಕತ್ತರಿಸಿದಾಗ ಉಳಿದದ್ದು 240 ಪಿಕ್ಸೆಲ್.

ಪಿಕ್ಸೆಲ್ ಎಂದರೆ ಒಂದೇ ಒಂದು ಬಣ್ಣ ತುಂಬಿದ ಚಿಕ್ಕ ಚೌಕ. ಅದರೊಳಗೆ ಬೇರೆ ಏನೂ ಇಲ್ಲ. 40 ಅಡಿ ಎಂದರೆ 480 ಇಂಚು. ಅಷ್ಟಗಲಕ್ಕೆ 240 ಚೌಕಗಳನ್ನು ಹಂಚಿದರೆ ಒಂದೊಂದು ಚೌಕ 2 ಇಂಚು ಅಗಲವಾಗುತ್ತದೆ. ಕ್ರಾಪ್ ಆದ ಚಿತ್ರದಲ್ಲಿ ಮಗಳ ಒಂದು ಕಣ್ಣಿಗೆ ಅಡ್ಡಡ್ಡವಾಗಿ ಸಿಕ್ಕಿದ್ದು ಸುಮಾರು 11 ಪಿಕ್ಸೆಲ್. ಹೋರ್ಡಿಂಗ್ ಮೇಲೆ ಆ ಕಣ್ಣು 22 ಇಂಚು ಅಗಲ. ಕಣ್ಣಿನ ಬಿಳಿ, ಕಪ್ಪು, ರೆಪ್ಪೆ, ಕಾಡಿಗೆ, ಹೊಳಪು ಎಲ್ಲವನ್ನೂ ಆ 11 ಚೌಕಗಳೇ ಹೇಳಬೇಕು. ಹೇಳಲು ಆಗುವುದಿಲ್ಲ.

ಚುಕ್ಕಿ ರಂಗೋಲಿ ಹಾಕುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. 7 ಚುಕ್ಕಿಯ ರಂಗೋಲಿಯನ್ನು ಇಡೀ ಅಂಗಳದಷ್ಟು ದೊಡ್ಡದಾಗಿ ಹಾಕಬಹುದು, ಆದರೆ ಚುಕ್ಕಿಗಳ ನಡುವಿನ ಅಂತರ ಹೆಚ್ಚುತ್ತದೆಯೇ ಹೊರತು 21 ಚುಕ್ಕಿಯ ರಂಗೋಲಿಯ ಬಳ್ಳಿ, ಹೂವು ಅದರಲ್ಲಿ ಮೂಡುವುದಿಲ್ಲ.

ಮಾಲೀಕರ ಮಗ ಈ ಮಧ್ಯೆ ಒಂದು ಉಪಾಯ ಮಾಡಿದ್ದ. ಫೋಟೋಶಾಪ್‌ನಲ್ಲಿ ಚಿತ್ರ ತೆರೆದು, 72 ಇದ್ದ ರೆಸಲ್ಯೂಷನ್ ಸಂಖ್ಯೆಯನ್ನು 300 ಮಾಡಿ, ‘ಈಗ 300 ಡಿಪಿಐ ಇದೆ’ ಎಂದು ಮತ್ತೊಮ್ಮೆ ಕಳಿಸಿದ. ಈ 300ರ ನಂಬಿಕೆ ಮುದ್ರಣದ ಸುತ್ತಮುತ್ತ ಗಟ್ಟಿಯಾಗಿ ಬೇರೂರಿದೆ. ನಿಜವಾಗಿ ಆ ಸಂಖ್ಯೆ ಫೈಲಿನ ಮೇಲೆ ಅಂಟಿಸಿದ ಚೀಟಿ ಮಾತ್ರ. ಒಂದು ಇಂಚು ಕಾಗದದಲ್ಲಿ ಎಷ್ಟು ಪಿಕ್ಸೆಲ್ ಇಡಬೇಕು ಎಂದು ಅದು ಹೇಳುತ್ತದೆ, ಅಷ್ಟೆ. ಫೋಟೋಶಾಪ್‌ನ Image Size ಕಿಟಕಿಯಲ್ಲಿ Resample ಎಂಬಲ್ಲಿನ ಗುರುತು ತೆಗೆದು 72ನ್ನು 300 ಮಾಡಿ ನೋಡಿದರೆ ಪಿಕ್ಸೆಲ್‌ಗಳ ಸಂಖ್ಯೆ ಅಲ್ಲಾಡುವುದಿಲ್ಲ. ಬದಲಾಗುವುದು ಮುದ್ರಣದ ಅಳತೆ: 3.3 ಇಂಚು ಇದ್ದದ್ದು 0.8 ಇಂಚಿಗೆ ಇಳಿಯುತ್ತದೆ. ಅಂದರೆ 300 ಡಿಪಿಐಯಲ್ಲಿ ಆ ಮುಖವನ್ನು ಅಚ್ಚುಕಟ್ಟಾಗಿ ಮುದ್ರಿಸಬಹುದಾದ ಅಗಲ ಒಂದು ಇಂಚಿಗಿಂತ ಕಡಿಮೆ.

Resample ಗುರುತು ಹಾಕಿದರೆ ಪಿಕ್ಸೆಲ್‌ಗಳು ಹೆಚ್ಚುತ್ತವೆ, ಅದು ಸರಿ. 240 ಇದ್ದದ್ದನ್ನು 4800 ಮಾಡಲು ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಆದರೆ ಹೊಸ ಪಿಕ್ಸೆಲ್‌ಗಳ ಬಣ್ಣ ಎಲ್ಲಿಂದ ಬರಬೇಕು? ಇದಕ್ಕೆ ಸಾಮಾನ್ಯವಾಗಿ ಬಳಸುವ ಬೈಕ್ಯೂಬಿಕ್ ವಿಧಾನ ಸುತ್ತಲಿನ 16 ಹಳೆಯ ಪಿಕ್ಸೆಲ್‌ಗಳ ಬಣ್ಣ ನೋಡಿ ನಡುವಿನ ಬಣ್ಣವನ್ನು ಲೆಕ್ಕ ಹಾಕುತ್ತದೆ. ಚೌಕಗಳ ಅಂಚು ಕರಗಿ ಚಿತ್ರ ನಯವಾಗುತ್ತದೆ. ರೆಪ್ಪೆಗೂದಲು ಮರಳಿ ಬರುವುದಿಲ್ಲ, ಏಕೆಂದರೆ ಆ 16ರಲ್ಲಿ ಯಾವುದಕ್ಕೂ ರೆಪ್ಪೆಗೂದಲಿನ ಸುದ್ದಿ ಗೊತ್ತಿಲ್ಲ. ಒಡೆದ ಫೋಟೋದ ಜಾಗದಲ್ಲಿ ಮಂಜು ಕವಿದ ಫೋಟೋ ಸಿಗುತ್ತದೆ.

ಛಾಯಾಗ್ರಾಹಕರ ಇ-ಮೇಲ್‌ನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದರ ಮುಂದಿನ ಭಾಗ. ಸುಲಭವಾಗಿ ಸಿಗುವ ಉತ್ತರಕ್ಕೆ ಅವರು ನಿಲ್ಲಲಿಲ್ಲ. ‘ಹೋರ್ಡಿಂಗ್‌ಗೆ ದೊಡ್ಡ ಫೈಲ್ ಬೇಕು’ ಎಂಬುದು ಅರ್ಧ ಸತ್ಯ ಎಂದು ತಾವೇ ಬರೆದರು. 40 ಅಡಿಯನ್ನು 300 ಡಿಪಿಐಯಲ್ಲಿ ಮುದ್ರಿಸಬೇಕಾದರೆ ಅಗಲವೊಂದಕ್ಕೇ 1,44,000 ಪಿಕ್ಸೆಲ್ ಬೇಕು, ಅಂಥ ಕ್ಯಾಮೆರಾ ಯಾವ ಸ್ಟುಡಿಯೊದಲ್ಲೂ ಇಲ್ಲ. ಆದರೂ ಊರೂರಿನಲ್ಲಿ ಹೋರ್ಡಿಂಗ್‌ಗಳು ನಿಂತಿವೆ, ಚೆನ್ನಾಗಿಯೇ ಕಾಣುತ್ತವೆ. 2015ರಲ್ಲಿ ಆ್ಯಪಲ್ ಕಂಪನಿ ಐಫೋನ್ 6ರಲ್ಲಿ ಜನಸಾಮಾನ್ಯರು ತೆಗೆದ ಚಿತ್ರಗಳನ್ನು ಜಗತ್ತಿನ ಹಲವು ನಗರಗಳಲ್ಲಿ ಭಾರಿ ಫಲಕಗಳಾಗಿ ಏರಿಸಿತು. ಆ ಫೋನಿನ ಕ್ಯಾಮೆರಾ ಬರೀ 8 ಮೆಗಾಪಿಕ್ಸೆಲ್, ಅಗಲ 3264 ಪಿಕ್ಸೆಲ್. ನೋಡಿದವರು ಮೆಚ್ಚಿದರು.

ಹೇಗೆ ಸಾಧ್ಯವಾಯಿತು ಎಂದರೆ ಉತ್ತರ ನಮ್ಮ ಕಣ್ಣಿನಲ್ಲಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಚಿಕ್ಕ ಕೋನದಲ್ಲಿರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸಲಾರದು. ಇದನ್ನು ಅಳತೆಗೆ ಇಳಿಸುವುದು ಸುಲಭ. ನೋಡುವ ದೂರವನ್ನು 3,400ರಿಂದ ಭಾಗಿಸಿದರೆ ಆ ದೂರದಿಂದ ಕಣ್ಣಿಗೆ ಕಾಣುವ ಅತಿ ಚಿಕ್ಕ ಚುಕ್ಕಿಯ ಅಗಲ ಸಿಗುತ್ತದೆ. ಕೈಯಲ್ಲಿ ಹಿಡಿದ ಪತ್ರಿಕೆಗೆ ಇಂಚಿಗೆ 300 ಪಿಕ್ಸೆಲ್ ಬೇಕೆನ್ನುವುದು ನಾವು ಅದನ್ನು ಒಂದು ಅಡಿ ದೂರದಲ್ಲಿ ಓದುವುದರಿಂದ. 60 ಅಡಿ ದೂರದ ಫಲಕಕ್ಕೆ ಅದೇ ಲೆಕ್ಕ ಹಾಕಿದರೆ 0.2 ಇಂಚು, ಅಂದರೆ ಸುಮಾರು 5 ಮಿಲಿಮೀಟರ್ ಬರುತ್ತದೆ. ಚೌಕಗಳು ಅದಕ್ಕಿಂತ ಚಿಕ್ಕದಾಗಿದ್ದರೆ ಬೆರೆತು ಚಿತ್ರವಾಗುತ್ತವೆ, ದೊಡ್ಡದಾಗಿದ್ದರೆ ಚೌಕಗಳಾಗಿಯೇ ಕಾಣುತ್ತವೆ. ಐಫೋನ್ 6ರ ಪೂರ್ಣ ಚಿತ್ರವನ್ನು 40 ಅಡಿಗೆ ಹಿಗ್ಗಿಸಿದರೂ ಒಂದು ಪಿಕ್ಸೆಲ್ 4 ಮಿಲಿಮೀಟರ್‌ಗಿಂತ ಕಡಿಮೆ. 42 ಅಡಿ ದೂರ ನಿಂತರೆ ಚುಕ್ಕಿಗಳು ಮಾಯ.

ಈ ಬೆರೆಯುವಿಕೆಯ ಮೇಲೆಯೇ ಒಬ್ಬ ದೊಡ್ಡ ಕಲಾವಿದ ಆಟವಾಡಿದ್ದಾನೆ. 1973ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಲಿಯಾನ್ ಹಾರ್ಮನ್, ಮುಖ ಗುರುತಿಸಲು ಎಷ್ಟು ಕಡಿಮೆ ವಿವರ ಸಾಕು ಎಂದು ತೋರಿಸಲು ಅಬ್ರಹಾಂ ಲಿಂಕನ್‌ನ ಮುಖವನ್ನು ಕೆಲವೇ ನೂರು ಬೂದು ಚೌಕಗಳಲ್ಲಿ ಪ್ರಕಟಿಸಿದರು. ಹತ್ತಿರದಿಂದ ಚೌಕಗಳ ರಾಶಿ, ದೂರ ಸರಿದರೆ ಲಿಂಕನ್. ಆ ಚಿತ್ರ ಸಾಲ್ವಡಾರ್ ಡಾಲಿಯನ್ನು ಹಿಡಿದುಬಿಟ್ಟಿತು. ಕೆಲವೇ ವರ್ಷಗಳಲ್ಲಿ ಆತ ಬರೆದ ದೊಡ್ಡ ವರ್ಣಚಿತ್ರದಲ್ಲಿ ಹತ್ತಿರದಿಂದ ಕಾಣುವುದು ಸಮುದ್ರ ನೋಡುತ್ತ ಕಿಟಕಿಯ ಮುಂದೆ ನಿಂತ ಅವನ ಹೆಂಡತಿ ಗಾಲಾ. 20 ಮೀಟರ್ ದೂರದಿಂದ ಅದು ಲಿಂಕನ್‌ನ ಮುಖವಾಗುತ್ತದೆ ಎಂದು ಚಿತ್ರದ ಶೀರ್ಷಿಕೆಯೇ ಹೇಳುತ್ತದೆ. ‘ದೂರದಿಂದ ನೋಡಿದರೆ ಗೊತ್ತಾಗಲ್ಲ ಬಿಡಿ’ ಎಂದು ಅಂಗಡಿ ಮಾಲೀಕರು ವಾದಿಸಿದ್ದರಲ್ಲ, ಅದರಲ್ಲಿ ತಿರುಳಿದೆ. ಎಷ್ಟು ದೂರದಿಂದ ಎಂಬುದೇ ಪ್ರಶ್ನೆ.

2 ಇಂಚಿನ ಚೌಕಗಳು ಬೆರೆಯಬೇಕಾದರೆ ನೋಡುವವರು 560 ಅಡಿಗೂ ಆಚೆ ಇರಬೇಕು. ಅಷ್ಟು ದೂರದಿಂದ 40 ಅಡಿಯ ಫಲಕವೇ, ಕೈ ಚಾಚಿ ಹಿಡಿದ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಪಿ.ಬಿ. ರಸ್ತೆಯ ಆ ಸಿಗ್ನಲ್‌ನಲ್ಲಿ ಬೈಕ್, ಬಸ್ಸುಗಳು ನಿಲ್ಲುವುದು ಫಲಕದಿಂದ 60 ಅಡಿ ದೂರದಲ್ಲಿ. ಕೆಂಪು ದೀಪ ಇರುವಷ್ಟು ಹೊತ್ತು ಜನರಿಗೆ ಅದನ್ನು ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಜಾಹೀರಾತಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಒಡೆದ ಫೋಟೋಗೆ ಇದಕ್ಕಿಂತ ಕೆಟ್ಟ ಜಾಗವೂ ಸಿಗದು.

ವಾಟ್ಸ್ಆ್ಯಪ್‌ನ ಇನ್ನೊಂದು ಗಾಯ ಪಿಕ್ಸೆಲ್‌ಗಿಂತ ದೂರಕ್ಕೆ ಕಾಣುತ್ತದೆ. ಫೋಟೋವನ್ನು ಹಗುರ ಮಾಡುವ ಜೆಪೆಗ್ ವಿಧಾನ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ಗಳ ತುಂಡುಗಳಾಗಿ ವಿಂಗಡಿಸಿಕೊಂಡು, ಪ್ರತಿ ತುಂಡಿನಲ್ಲಿ ಕಣ್ಣಿಗೆ ಬೇಡವೆನಿಸುವ ಸೂಕ್ಷ್ಮ ಏರಿಳಿತಗಳನ್ನು ಕೈಬಿಡುತ್ತದೆ. ಸ್ವಲ್ಪ ಒತ್ತಿದರೆ ಏನೂ ತೋರುವುದಿಲ್ಲ. ಗಟ್ಟಿಯಾಗಿ ಒತ್ತಿದರೆ ತುಂಡು ತುಂಡಿನ ನಡುವೆ ಗೆರೆ ಮೂಡುತ್ತದೆ, ಕೆನ್ನೆಯಂಥ ನಯವಾದ ಜಾಗದಲ್ಲಿ ಅದು ಮೊದಲು ಕಾಣಿಸಿಕೊಳ್ಳುತ್ತದೆ. ಈ ಹೋರ್ಡಿಂಗ್‌ನಲ್ಲಿ ಅಂಥ ಒಂದೊಂದು ತುಂಡಿನ ಅಗಲ 16 ಇಂಚು. ಮಗಳ ಕೆನ್ನೆಯ ಮೇಲೆ ನೆಲಕ್ಕೆ ಹಾಸುವ ಟೈಲ್ಸ್ ಜೋಡಿಸಿದ ಹಾಗೆ ಕಾಣುತ್ತಿತ್ತು.

ಹಾಗಾದರೆ ಮೂಲ ಫೈಲಿನಿಂದಲೇ ಕತ್ತರಿಸಿದರೆ? ಮಾಲೀಕರು ಕೇಳಬಹುದಾದ ಈ ಪ್ರಶ್ನೆಯನ್ನು ಛಾಯಾಗ್ರಾಹಕರು ಮೊದಲೇ ಊಹಿಸಿ, ಹಾರ್ಡ್ ಡಿಸ್ಕ್‌ನಿಂದ ಮೂಲ ಚಿತ್ರ ಹುಡುಕಿ, ಅದೇ ಭಾಗವನ್ನು ಕತ್ತರಿಸಿ ನೋಡಿದ್ದರು. ಸಿಕ್ಕಿದ್ದು 900ಕ್ಕೆ 450 ಪಿಕ್ಸೆಲ್. ಮೊದಲಿನದಕ್ಕಿಂತ ಎಷ್ಟೋ ಪಾಲು ಉತ್ತಮ. ಆದರೂ 24 ಮೆಗಾಪಿಕ್ಸೆಲ್ ಚಿತ್ರದ ನೂರರಲ್ಲಿ 2 ಪಾಲು ಕೂಡ ಅಲ್ಲ. ಉಳಿದ 98 ಪಾಲು ಏನಾಯಿತು? ಅದು ಅಜ್ಜ ಅಜ್ಜಿಗೆ, ಪೂಜೆಯ ಮಂಟಪಕ್ಕೆ, ಬಾಳೆಕಂಬಕ್ಕೆ, ಅಂಗಡಿಯ ಹೊಸ ಬೋರ್ಡಿಗೆ ಹಂಚಿಹೋಗಿತ್ತು. ಗುಂಪು ಫೋಟೋ ಎಂದರೆ ಅದೇ. ಕ್ಯಾಮೆರಾದಲ್ಲಿರುವ ಪಿಕ್ಸೆಲ್‌ಗಳು ಎದುರಿಗಿರುವ ಎಲ್ಲರಿಗೂ ಪಾಲಾಗುತ್ತವೆ, ಆಮೇಲೆ ಒಬ್ಬರ ಪಾಲನ್ನು ಕಿತ್ತು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ.

900 ಪಿಕ್ಸೆಲ್ 40 ಅಡಿಗೆ ಹರಡಿದರೆ ಒಂದೊಂದು ಅರ್ಧ ಇಂಚು. ಬೆರೆಯಲು 150 ಅಡಿ ದೂರ ಬೇಕು. ಊರ ಹೊರಗೆ, ಹೆದ್ದಾರಿಯಲ್ಲಿ ಬರುವವರು ಬಹಳ ದೂರದಿಂದಲೇ ನೋಡಿ ದಾಟಿಬಿಡುವ ಫಲಕವಾಗಿದ್ದರೆ ಪಿಕ್ಸೆಲ್ ಲೆಕ್ಕದಲ್ಲಿ ಇದು ಹೇಗೋ ಉತ್ತೀರ್ಣವಾಗುತ್ತಿತ್ತು. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಬರೆದು, ಅಲ್ಲೂ ಕೈ ಹಾಕಬೇಡಿ ಎಂದು ಸೇರಿಸಿದ್ದಾರೆ.

ಕಾರಣ, ಕತ್ತರಿಸಿದಾಗ ಹಿಗ್ಗುವುದು ಪಿಕ್ಸೆಲ್ ಒಂದೇ ಅಲ್ಲ. ಅವರ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ. ಇಡೀ ಚಿತ್ರವನ್ನು 40 ಅಡಿಗೆ ಹಿಗ್ಗಿಸಿದರೆ ಅದು ಸುಮಾರು 340 ಪಟ್ಟು. ಮಗಳ ಭಾಗ ಆ ಸೆನ್ಸರ್ ಮೇಲೆ ಬಿದ್ದಿದ್ದ ಜಾಗ 5.4 ಮಿಲಿಮೀಟರ್, ಒಂದು ಹೆಸರುಕಾಳಿನ ಆಸುಪಾಸು. ಅದನ್ನು 40 ಅಡಿ ಮಾಡುವುದೆಂದರೆ 2,250 ಪಟ್ಟು ಹಿಗ್ಗಿಸಿದಂತೆ. ಕ್ಯಾಮೆರಾ ಕೈಯಲ್ಲಿ ಹಿಡಿದಾಗ ಆದ ಅಲ್ಪ ನಡುಕ, ಲೆನ್ಸ್‌ನ ಅಂಚಿನಲ್ಲಿ ಸಹಜವಾಗಿ ಕುಂದುವ ಮೊನಚು, ಎಲ್ಲವೂ ಅಷ್ಟೇ ಪಟ್ಟು ಹಿಗ್ಗುತ್ತವೆ. ಗುಂಪು ಫೋಟೋದಲ್ಲಿ ಫೋಕಸ್ ಇದ್ದದ್ದು ಮುಂದಿನ ಸಾಲಿನ ನಡುವೆ ಕುಳಿತ ಹಿರಿಯರ ಮೇಲೆ. ಹಿಂದಿನ ಸಾಲಿನ ತುದಿಯಲ್ಲಿದ್ದವಳು ಅದರಿಂದ ಕೂದಲೆಳೆಯಷ್ಟು ಆಚೆ. ಅಲ್ಲಿ ಒಂದು ಅಂಚು 3 ಪಿಕ್ಸೆಲ್‌ಗಳಷ್ಟು ಕದಡಿದೆ ಎಂದುಕೊಳ್ಳಿ. 6000ದಲ್ಲಿ 3 ಯಾರ ಕಣ್ಣಿಗೂ ಬೀಳುವುದಿಲ್ಲ, ಗೋಡೆಗೆ ತೂಗುಹಾಕುವ ದೊಡ್ಡ ಪ್ರಿಂಟಿನಲ್ಲಿ ಕೂಡ. 900ರಲ್ಲಿ 3 ಎಂದರೆ ಹೋರ್ಡಿಂಗ್ ಮೇಲೆ ಒಂದೂವರೆ ಇಂಚಿಗಿಂತ ಹೆಚ್ಚಿನ ಮಬ್ಬು. ಹೆಸರಿಗೆ 900 ಪಿಕ್ಸೆಲ್ ಇದ್ದರೂ ಅದರಲ್ಲಿರುವ ನಿಜವಾದ ವಿವರ 300 ಪಿಕ್ಸೆಲ್‌ನಷ್ಟೇ. ಕ್ರಾಪ್ ಮಾಡಿದ ಚಿತ್ರವನ್ನು ಪಿಕ್ಸೆಲ್ ಎಣಿಸಿ ಮಾತ್ರ ಒಪ್ಪಿಕೊಳ್ಳಬಾರದು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಇದು ಡಿಜಿಟಲ್ ಕಾಲದ ಕಷ್ಟವಷ್ಟೇ ಅಲ್ಲ. 1966ರಲ್ಲಿ ಬಂದ ಮೈಕೆಲಾಂಜೆಲೊ ಆಂಟೋನಿಯೋನಿಯ ‘ಬ್ಲೋ-ಅಪ್’ ಸಿನಿಮಾ ಇದರ ಸುತ್ತಲೇ ಕಟ್ಟಿದ್ದು. ಲಂಡನ್ನಿನ ಛಾಯಾಗ್ರಾಹಕನೊಬ್ಬ ಉದ್ಯಾನದಲ್ಲಿ ತೆಗೆದ ಫೋಟೋದ ಮೂಲೆಯಲ್ಲಿ ಏನನ್ನೋ ಕಂಡು, ಆ ಮೂಲೆಯನ್ನು ಹಿಗ್ಗಿಸಿ, ಹಿಗ್ಗಿಸಿದ್ದನ್ನು ಮತ್ತೆ ಹಿಗ್ಗಿಸುತ್ತ ಹೋಗುತ್ತಾನೆ. ಕೊನೆಗೆ ಉಳಿಯುವುದು ಫಿಲ್ಮಿನ ಬೆಳ್ಳಿಯ ಕಣಗಳು. ಅಲ್ಲಿ ಹೆಣ ಬಿದ್ದಿದೆಯೋ ಪೊದೆಯ ನೆರಳೋ ಎಂದು ಹೇಳಲು ಆ ಕಣಗಳಿಗೆ ಶಕ್ತಿ ಇಲ್ಲ. ಇಂದಿನ ಅಪರಾಧ ಧಾರಾವಾಹಿಗಳಲ್ಲಿ ಸಿಸಿಟಿವಿ ಚಿತ್ರವನ್ನು ಹಿಗ್ಗಿಸಿದ ಕೂಡಲೇ ಕಾರಿನ ನಂಬರ್ ಫಳಫಳ ಹೊಳೆಯುತ್ತದೆ. ಛಾಯಾಗ್ರಾಹಕರ ಬಳಿ ಬರುವ ಗ್ರಾಹಕರ ನಿರೀಕ್ಷೆಯನ್ನು ಬೆಳೆಸಿರುವುದು ಆಂಟೋನಿಯೋನಿ ಅಲ್ಲ, ಈ ಧಾರಾವಾಹಿಗಳು.

ಸೀರೆ ಅಂಗಡಿಯ ಮಟ್ಟಿಗೆ ಇನ್ನೂ ಒಂದು ಮಾತಿದೆ, ಮುಖಕ್ಕಿಂತ ಮುಖ್ಯವಾದದ್ದು. ಈ ಫಲಕ ಮಾರಬೇಕಾದ್ದು ಸೀರೆಯನ್ನು. ಇಳಕಲ್ ಸೀರೆಯ ಸೊಗಸಿರುವುದು ಅದರ ಕೆಂಪು ಸೆರಗಿನ ತೋಪು ತೆನೆಯಲ್ಲಿ, ಗೋಮಿ, ಚಿಕ್ಕಿ ದಡಿಗಳ ಸಣ್ಣ ನೇಯ್ಗೆಯಲ್ಲಿ. ಮೂಲ ಫೈಲಿನಲ್ಲಿ ಮಗಳ ಮುಖದ ಎತ್ತರ ಸುಮಾರು 300 ಪಿಕ್ಸೆಲ್. ಅದೇ ಅಳತೆಯಲ್ಲಿ ಹೆಗಲ ಮೇಲಿನ ಬಟ್ಟೆಯ ಒಂದು ಇಂಚಿಗೆ ಸಿಕ್ಕಿರುವುದು 33 ಪಿಕ್ಸೆಲ್. ಇಂಚಿಗೆ 60-70 ಎಳೆ ಎಂದಿಟ್ಟುಕೊಂಡರೂ ಎರಡು ಎಳೆಗೆ ಒಂದು ಪಿಕ್ಸೆಲ್ ಬಂತು. ಒಂದು ಎಳೆಯನ್ನು ಪಕ್ಕದ ಎಳೆಯಿಂದ ಬೇರ್ಪಡಿಸಿ ತೋರಿಸಲು ಎಳೆಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕು. ಹೋರ್ಡಿಂಗ್ ಮೇಲೆ ಆ ಒಂದು ಇಂಚು ಬಟ್ಟೆ ಒಂದೂವರೆ ಅಡಿ ಆಗುತ್ತದೆ, ಮತ್ತು ಅದರಲ್ಲಿ ನೇಯ್ಗೆಯ ಗುರುತೇ ಇರುವುದಿಲ್ಲ. ಸಿಗ್ನಲ್‌ನಲ್ಲಿ ನಿಂತವರಿಗೆ ಬಣ್ಣ ಬಳಿದ ಬಯಲು ಕಾಣುತ್ತದೆ. ‘ನಿಮ್ಮ ಸೀರೆಗೆ ಇದರಿಂದ ಅನ್ಯಾಯವಾಗುತ್ತದೆ ಸರ್’ ಎಂಬ ಸಾಲು ಆ ಇ-ಮೇಲ್‌ನಲ್ಲಿದೆ. ನೂರು ಪಿಕ್ಸೆಲ್ ಲೆಕ್ಕಕ್ಕಿಂತ ಮಾಲೀಕರಿಗೆ ತಟ್ಟಿದ್ದು ಈ ಸಾಲು.

ಮಾತು ನಂಬದಿದ್ದರೆ ಕಣ್ಣಾರೆ ನೋಡಲು ಅವರು ಒಂದು ದಾರಿಯನ್ನೂ ಹೇಳಿಕೊಟ್ಟರು. ಇದಕ್ಕೆ ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು. 40 ಅಡಿ ಫಲಕವನ್ನು 60 ಅಡಿ ದೂರದಿಂದ ನೋಡುವುದೂ, ಸಾಮಾನ್ಯ 15.6 ಇಂಚಿನ ಲ್ಯಾಪ್‌ಟಾಪ್ ಪರದೆಯನ್ನು 20 ಇಂಚು ದೂರದಿಂದ ನೋಡುವುದೂ ಕಣ್ಣಿನ ಮಟ್ಟಿಗೆ ಒಂದೇ. ಎರಡೂ ಅಷ್ಟೇ ಅಗಲದ ಕೋನ ತುಂಬುತ್ತವೆ. ಆದ್ದರಿಂದ ಕ್ರಾಪ್ ಮಾಡಿದ ಚಿತ್ರವನ್ನು ಪರದೆಯ ಅಗಲ ಪೂರ್ತಿ ತುಂಬುವಂತೆ ತೆರೆದು, ಒಂದು ಮೊಳಕ್ಕೆ ತುಸು ಹೆಚ್ಚು ದೂರದಲ್ಲಿ ಕುಳಿತು ನೋಡಿದರೆ ಸಿಗ್ನಲ್‌ನಲ್ಲಿ ಕಾಣುವುದು ಅದೇ. ಮೊಬೈಲಿನ ಪುಟ್ಟ ಪರದೆಯಲ್ಲಿ ಚೆನ್ನಾಗಿ ಕಂಡ ಚಿತ್ರ ಇಲ್ಲಿ ಕೈಕೊಡುತ್ತದೆ. ಇನ್ನೂ ಖಚಿತ ಬೇಕಾದರೆ ಫ್ಲೆಕ್ಸ್ ಅಂಗಡಿಯಲ್ಲಿ ಕಣ್ಣಿನ ಭಾಗವನ್ನಷ್ಟೇ ನಿಜ ಅಳತೆಯಲ್ಲಿ 3 ಅಡಿಗೆ 3 ಅಡಿ ಮುದ್ರಿಸಿ, ಗೋಡೆಗೆ ಒರಗಿಸಿ, 60 ಅಡಿ ನಡೆದು ಹೋಗಿ ತಿರುಗಿ ನೋಡಬೇಕು. ಪೂರ್ತಿ 800 ಚದರ ಅಡಿ ಮುದ್ರಿಸಿ ಏರಿಸಿದ ಮೇಲೆ ಇಳಿಸುವುದಕ್ಕಿಂತ ಈ 9 ಚದರ ಅಡಿಯ ಖರ್ಚು ಎಷ್ಟೋ ಮೇಲು.

ಇಲ್ಲಿ ಫ್ಲೆಕ್ಸ್ ಅಂಗಡಿಯ ಒಂದು ಮಾತಿನಿಂದ ಗೊಂದಲ ಹುಟ್ಟುತ್ತದೆ. ‘ನಮ್ಮ ಮೆಷಿನ್ 720 ಡಿಪಿಐ’ ಎಂದು ಅಲ್ಲಿ ಹೇಳುವುದುಂಟು. ಅದು ಶಾಯಿಯ ಹನಿಗಳ ಲೆಕ್ಕ. ಒಂದು 2 ಇಂಚಿನ ಚೌಕವನ್ನು ಸಾವಿರಾರು ಸಣ್ಣ ಹನಿಗಳಿಂದ ಆ ಯಂತ್ರ ಬಹಳ ಅಚ್ಚುಕಟ್ಟಾಗಿ ತುಂಬಬಲ್ಲದು. ತುಂಬಿದ ಮೇಲೆ ಕಾಣುವುದು ಅಚ್ಚುಕಟ್ಟಾದ ಒಂದು ಚೌಕ.

ಕೊನೆಗೆ ಏನು ಮಾಡಬಹುದು ಎಂಬಲ್ಲಿಗೆ ಇ-ಮೇಲ್ ಬರುತ್ತದೆ. ಎರಡು ದಾರಿ ಅವರು ಮುಂದಿಟ್ಟರು. ನಾಳೆಯೇ ಮುದ್ರಿಸಲೇಬೇಕು ಎಂದಾದರೆ ಫೋಟೋವನ್ನು ಫಲಕದ ತುಂಬ ಹರಡಬಾರದು. ಮೂಲ ಫೈಲಿನ 900 ಪಿಕ್ಸೆಲ್‌ಗಳನ್ನು ಏಳೂವರೆ ಅಡಿ ಅಗಲಕ್ಕೆ ಇಟ್ಟರೆ ಇಂಚಿಗೆ 10 ಪಿಕ್ಸೆಲ್ ಆಗುತ್ತದೆ. ಆ ಮಬ್ಬನ್ನೂ ಸೇರಿಸಿ 60 ಅಡಿಯಿಂದ ಅದನ್ನು ಒಪ್ಪಿಕೊಳ್ಳಬಹುದು. ಉಳಿದ ಜಾಗಕ್ಕೆ ಸೀರೆಯ ಕೆಂಪು ಬಣ್ಣ, ಅಂಗಡಿಯ ಹೆಸರು. ಅಕ್ಷರಗಳ ವಿಷಯ ಬೇರೆ. ಕೋರಲ್‌ಡ್ರಾದಲ್ಲಿ ಟೈಪ್ ಮಾಡಿದ ಹೆಸರು ಪಿಕ್ಸೆಲ್‌ಗಳಿಂದ ಆದದ್ದಲ್ಲ, ಬಾಗು-ಗೆರೆಗಳ ಲೆಕ್ಕದಿಂದ ಆದದ್ದು, 2 ಇಂಚಿಗಾಗಲಿ 20 ಅಡಿಗಾಗಲಿ ಅದರ ಅಂಚು ಒಂದೇ ತೆರನಾಗಿ ಚೂಪಾಗಿರುತ್ತದೆ. ಆದರೆ ಅಂಗಡಿಯ ಲಾಂಛನವನ್ನು ವಾಟ್ಸ್ಆ್ಯಪ್ ಫೋಟೋದಿಂದ ಕತ್ತರಿಸಿ ಕೊಟ್ಟರೆ ಅದಕ್ಕೂ ಮಗಳ ಮುಖದ ಗತಿಯೇ ಆಗುತ್ತದೆ. ಮೊದಲು ವಿನ್ಯಾಸ ಮಾಡಿದವರಿಂದ ಸಿಡಿಆರ್ ಅಥವಾ ಪಿಡಿಎಫ್ ಫೈಲನ್ನೇ ಕೇಳಿ ತರಿಸಬೇಕು.

ಎರಡನೆಯ ದಾರಿ ಮತ್ತೆ ಫೋಟೋ ತೆಗೆಯುವುದು. ಅದೇ 24 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಕು, ಹೊಸದು ಬಾಡಿಗೆಗೆ ತರಬೇಕಿಲ್ಲ. ಬದಲಾಗಬೇಕಾದ್ದು ಚೌಕಟ್ಟು. ಮಗಳೊಬ್ಬಳೇ, ಅದೇ ಸೀರೆ, ಟ್ರೈಪಾಡ್ ಮೇಲೆ ಕ್ಯಾಮೆರಾ, ಮುಖಕ್ಕೆ ಒಪ್ಪುವ 85 ಮಿಲಿಮೀಟರ್ ಲೆನ್ಸ್, ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಫಲಕದ ಅಗಲ ಎತ್ತರದ ಎರಡರಷ್ಟು ಇರುವುದರಿಂದ, ಕ್ಯಾಮೆರಾದ ಚೌಕಟ್ಟಿನಲ್ಲಿ ಮೇಲೆ ಕೆಳಗೆ ಒಟ್ಟು 1000 ಪಿಕ್ಸೆಲ್ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಿಡಿದು ಮುಖ ಕೂಡಿಸಬೇಕು. ಹೀಗೆ ಮಾಡಿದರೆ ಅಗಲದ 6000 ಪಿಕ್ಸೆಲ್ ಪೂರ್ತಿ ಮಗಳದೇ, ಸೀರೆಯದೇ. ಬಟ್ಟೆಯ ಒಂದು ಇಂಚಿಗೆ 33ರ ಬದಲು 220 ಪಿಕ್ಸೆಲ್ ಸಿಗುತ್ತದೆ, ಒಂದೊಂದು ಎಳೆಗೆ ಮೂರು. ದಡಿಯ ನೇಯ್ಗೆ ರಸ್ತೆಗೆ ಕಾಣುತ್ತದೆ.

ಮಾಲೀಕರು ಮುದ್ರಣವನ್ನು ಮುಂದಕ್ಕೆ ಹಾಕಿ ಎರಡನೆಯ ದಾರಿಯನ್ನು ಆರಿಸಿಕೊಂಡರು. ಹೊಸ ಫೋಟೋ ಜೊತೆ ಹೋದ ಸೂಚನೆ ನಾಲ್ಕು ಸಾಲಿನದು. ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಲಗತ್ತಿಸಿ, ಆಗ ಅದು ಕುಗ್ಗುವುದಿಲ್ಲ. ಫ್ಲೆಕ್ಸ್ ಅಂಗಡಿಯ ವಿನ್ಯಾಸಕಾರರು ಹತ್ತನೇ ಒಂದು ಅಳತೆಯಲ್ಲಿ, ಅಂದರೆ 4 ಅಡಿಗೆ 2 ಅಡಿಯಲ್ಲಿ, 100 ಡಿಪಿಐಗೆ ಪುಟ ಕಟ್ಟಲಿ. ಪೂರ್ಣ ಅಳತೆಗೆ ಹೋದಾಗ ಅದು ಇಂಚಿಗೆ 10 ಆಗುತ್ತದೆ. ತಮ್ಮ ಕಡೆ ಫೈಲ್ ತೆರೆದಾಗ ಅಗಲ 6000 ಪಿಕ್ಸೆಲ್ ಇದೆಯೇ ಎಂದು ನೋಡಿಕೊಳ್ಳಲಿ, ಕಡಿಮೆ ತೋರಿಸಿದರೆ ದಾರಿಯಲ್ಲಿ ಯಾರೋ ಕುಗ್ಗಿಸಿದ್ದಾರೆ, ಮುದ್ರಿಸುವ ಮೊದಲು ಫೋನ್ ಮಾಡಿ. ಮತ್ತು ದಯವಿಟ್ಟು ಇದನ್ನು ಯಾರೂ ಕ್ರಾಪ್ ಮಾಡಬೇಡಿ.